ಕಣ್ಣಿಗೆ ಮಚ್ಚೆ, ಬೆರಳಿಗೆ ನರ
ಕುಷ್ಠರೋಗವನ್ನು ಚಿತ್ರಗಳಿಂದ ಗುರುತಿಸಲು ಕಲಿತ ಕಥೆ

ಸರ್ಕಾರಿ ಆಸ್ಪತ್ರೆಗಳ ಗೋಡೆಯ ಮೇಲಿನ ಭಿತ್ತಿಪತ್ರಗಳಲ್ಲಿ ಒಂದು ಸಾಲು ಕನ್ನಡಿಗರಿಗೆಲ್ಲ ಪರಿಚಿತ. ತಿಳಿಬಿಳಿ ಅಥವಾ ತಾಮ್ರವರ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗದ ಚಿಹ್ನೆ ಇರಬಹುದು ಎನ್ನುವುದೇ ಆ ಸಾಲು. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಛಾಯಾಚಿತ್ರವೂ ಇರುತ್ತದೆ: ಯಾರದೋ ಬೆನ್ನು, ಯಾರದೋ ತೋಳು, ಅದರ ಮೇಲೊಂದು ಮಾಸಲು ಮಚ್ಚೆ.

ಆ ಸಾಲಿನ ಮೊದಲರ್ಧವನ್ನು ಛಾಯಾಚಿತ್ರ ತೋರಿಸಬಲ್ಲದು. ಎರಡನೆಯ ಅರ್ಧವನ್ನು ಯಾವ ಛಾಯಾಚಿತ್ರವೂ ತೋರಿಸಲಾರದು. ಸ್ಪರ್ಶಜ್ಞಾನ ಹೋಗಿದೆಯೇ ಇಲ್ಲವೇ ಎಂಬುದು ಮುಟ್ಟಿ ಕೇಳಿದಾಗ ಮಾತ್ರ ತಿಳಿಯುತ್ತದೆ. ಈ ರೋಗದ ಇನ್ನೊಂದು ಮುಖ್ಯ ಲಕ್ಷಣವಾದ ದಪ್ಪಗಾದ ನರ ಭಿತ್ತಿಪತ್ರದಲ್ಲಿ ಅನೇಕ ವೇಳೆ ಇರುವುದೇ ಇಲ್ಲ. ಕೈಕಾಲುಗಳನ್ನು ಊನ ಮಾಡುವುದು ಮಾತ್ರ ಮಚ್ಚೆಯಲ್ಲ, ಈ ನರದ ಹಾನಿ. ನೂರೈವತ್ತು ವರ್ಷಗಳಿಗೂ ಮಿಕ್ಕಿ ವೈದ್ಯರು ಈ ರೋಗದ ಚಿತ್ರಗಳನ್ನು ಬರೆಸಿದ್ದಾರೆ, ಛಾಯಾಚಿತ್ರಗಳನ್ನು ತೆಗೆಸಿದ್ದಾರೆ. ಆ ಚಿತ್ರಗಳು ಏನನ್ನು ಕಲಿಸಿದವು, ಏನನ್ನು ಮರೆಮಾಡಿದವು ಎಂಬುದನ್ನು ನೋಡಿದರೆ, ಇಂದು ಹಳ್ಳಿಯ ಕಾರ್ಯಕರ್ತರು ಮಚ್ಚೆಗಳನ್ನು ಎಣಿಸಿ ರೋಗಿಯನ್ನು ಎರಡರಲ್ಲಿ ಒಂದು ಗುಂಪಿಗೆ ಸೇರಿಸುವುದೇಕೆ ಎಂಬುದೂ ಅರ್ಥವಾಗುತ್ತದೆ.

ಬರ್ಗೆನ್‌ನಿಂದ ಮುಂಬಯಿಗೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ ಕುಷ್ಠರೋಗ ವ್ಯಾಪಕವಾಗಿತ್ತು. ಅಲ್ಲಿನ ಬರ್ಗೆನ್ ನಗರದ ವೈದ್ಯ ಡೇನಿಯಲ್ ಡೇನಿಯಲ್ಸನ್ ಮತ್ತು ಅವರ ಸಹೋದ್ಯೋಗಿ ಕಾರ್ಲ್ ಬೋಕ್ 1847ರಲ್ಲಿ ಈ ರೋಗವನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಅದರ ಜತೆಗೆ ಲೋಸ್ಟಿಂಗ್ ಎಂಬ ಕಲಾವಿದ ರಚಿಸಿದ ಬಣ್ಣದ ಚಿತ್ರಗಳ ಸಂಪುಟವೂ ಇತ್ತು. ಕುಷ್ಠರೋಗವನ್ನು ಇತರ ಚರ್ಮರೋಗಗಳಿಂದ ಬೇರ್ಪಡಿಸಿ, ಕಣ್ಣಿಗೆ ಕಟ್ಟುವಂತೆ ತೋರಿಸಿದ ಮೊದಲ ದೊಡ್ಡ ಪ್ರಯತ್ನ ಅದು.

ಆ ಗ್ರಂಥದಲ್ಲಿ ರೋಗಕ್ಕೆ ಎರಡು ರೂಪಗಳನ್ನು ಹೇಳಲಾಗಿತ್ತು. ಒಂದರಲ್ಲಿ ಮುಖ, ಕಿವಿ, ಕೈಗಳ ಮೇಲೆ ಗಂಟುಗಳು ಏಳುತ್ತವೆ. ಇನ್ನೊಂದರಲ್ಲಿ ಗಂಟುಗಳಿಲ್ಲ, ಚರ್ಮ ಮರಗಟ್ಟುತ್ತದೆ, ಬೆರಳುಗಳು ಮಡಚಿಕೊಳ್ಳುತ್ತವೆ. ಮುಂದೆ ನೂರಾರು ವರ್ಗೀಕರಣಗಳು ಬಂದರೂ ಈ ಎರಡು ತುದಿಗಳು ಮಾತ್ರ ಹಾಗೆಯೇ ಉಳಿದುಕೊಂಡವು. ಆದರೆ ಚಿತ್ರಕಾರನ ಮುಂದೆ ಬಂದು ಕುಳಿತವರು ಬಹುತೇಕ ಆಸ್ಪತ್ರೆ ಸೇರಿದ್ದ, ರೋಗ ಬಲಿತಿದ್ದ ಜನ. ಹೀಗಾಗಿ ಯುರೋಪಿನ ವೈದ್ಯರ ಕಣ್ಣಿನಲ್ಲಿ ಕುಷ್ಠರೋಗವೆಂದರೆ ವಿಕಾರವಾದ ಮುಖ, ಮೊಂಡಾದ ಕೈ ಎಂಬ ಕಲ್ಪನೆ ನಿಂತುಬಿಟ್ಟಿತು. ರೋಗದ ಮೊದಲ ಮಾಸಲು ಮಚ್ಚೆಗೆ ಆ ಸಂಪುಟಗಳಲ್ಲಿ ಸಿಕ್ಕ ಜಾಗ ಕಡಿಮೆ.

ಅದೇ ಬರ್ಗೆನ್‌ನಲ್ಲಿ 1873ರಲ್ಲಿ ಗೆರ್ಹಾರ್ಡ್ ಹ್ಯಾನ್ಸೆನ್ ರೋಗದ ಜೀವಾಣುವನ್ನು ಕಂಡುಹಿಡಿದರು. ಆ ವರ್ಷ ನಾರ್ವೆಗೆ ಹೋದವರಲ್ಲಿ ಮುಂಬಯಿ ಪ್ರಾಂತದ ವೈದ್ಯ ಸೇವೆಯಲ್ಲಿದ್ದ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಒಬ್ಬರು. ಇವರು 1858ರಲ್ಲಿ ಹೊರಬಂದ ಗ್ರೇ ಅವರ ಪ್ರಸಿದ್ಧ ಅಂಗರಚನಾಶಾಸ್ತ್ರ ಗ್ರಂಥಕ್ಕೆ ಚಿತ್ರ ಬರೆದವರು. ದೇಹದ ಒಂದೊಂದು ನರ ಎಲ್ಲಿ ಹುಟ್ಟಿ ಎಲ್ಲಿ ಹಾಯುತ್ತದೆ ಎಂಬುದನ್ನು ತಮ್ಮ ಕೈಯಿಂದಲೇ ಬರೆದಿದ್ದ ಈ ಮನುಷ್ಯ ಮುಂಬಯಿಯಲ್ಲಿ ಕುಷ್ಠರೋಗಿಗಳನ್ನು ಪರೀಕ್ಷಿಸಿದಾಗ, ಚರ್ಮದ ಮಚ್ಚೆಯಷ್ಟೇ ಅಲ್ಲದೆ ಅದರ ಕೆಳಗಿನ ನರದ ಊತವನ್ನೂ ಗಮನಿಸಿದ್ದು ಆಶ್ಚರ್ಯವಲ್ಲ. 1874ರಲ್ಲಿ ಪ್ರಕಟವಾದ ಅವರ ಗ್ರಂಥ ಭಾರತದ ಕುಷ್ಠರೋಗವನ್ನು ಚಿತ್ರಸಹಿತ ದಾಖಲಿಸಿದ ಮೊದಲ ಕೃತಿಗಳಲ್ಲಿ ಒಂದು.

ಕಾನೂನಿನ ಕಣ್ಣು ಮಾತ್ರ ಇಷ್ಟು ಸೂಕ್ಷ್ಮವಾಗಿರಲಿಲ್ಲ. ಬ್ರಿಟಿಷ್ ಸರ್ಕಾರದ 1898ರ ಕುಷ್ಠರೋಗಿಗಳ ಕಾಯಿದೆಯ ಪ್ರಕಾರ, ರೋಗ ಯಾವ ಬಗೆಯದೇ ಆಗಿರಲಿ, ಹುಣ್ಣಾಗಲು ಆರಂಭವಾದವನು ಮಾತ್ರ ಕುಷ್ಠರೋಗಿ. ಅಂದರೆ ಬೀದಿಯಲ್ಲಿ ಹೋಗುವವರಿಗೆ ಕಾಣುವ ಹುಣ್ಣೇ ಅದರ ಅಳತೆಗೋಲು. ಗತಿಯಿಲ್ಲದ ಅಂಥವರನ್ನು ಹಿಡಿದು ಆಶ್ರಮಕ್ಕೆ ಕಳಿಸಲು ಆ ಕಾಯಿದೆ ಅವಕಾಶ ಕೊಟ್ಟಿತ್ತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ.

ಹೆಸರಿನಲ್ಲೇ ಗೊಂದಲ

ನಮ್ಮ ಭಾಷೆಯಲ್ಲಿ ಮಚ್ಚೆಯ ಗುರುತಿಗೆ ಇನ್ನೊಂದು ತೊಡಕಿದೆ. ಆಯುರ್ವೇದದ ಚರಕ ಸಂಹಿತೆಯಲ್ಲಿ ಕುಷ್ಠ ಎಂಬುದು ಒಂದು ರೋಗದ ಹೆಸರಲ್ಲ. ಹದಿನೆಂಟು ಬಗೆಯ ಚರ್ಮರೋಗಗಳ ಗುಂಪಿಗೆ ಇಟ್ಟ ಹೆಸರು. ಅವುಗಳಲ್ಲಿ ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಇತ್ತ ಕನ್ನಡದಲ್ಲಿ ಚರ್ಮದ ಬಣ್ಣ ಹೋಗುವ ತೊನ್ನಿಗೆ ಶ್ವೇತಕುಷ್ಠ ಎಂಬ ಹೆಸರೂ ಬಳಕೆಯಲ್ಲಿದೆ. ಹೀಗಾಗಿ ಜೀವಾಣುವಿನ ಸಂಬಂಧವೇ ಇಲ್ಲದ, ಯಾರಿಗೂ ಅಂಟದ ತೊನ್ನು ಇರುವವರೂ ಕುಷ್ಠದ ಕಳಂಕ ಹೊತ್ತರು. ನಿಜವಾದ ಕುಷ್ಠದ ಮಾಸಲು ಮಚ್ಚೆ ಇರುವವರು ತಮ್ಮದು ಅಷ್ಟು ಬಿಳಿಯಾಗಿಲ್ಲವಲ್ಲ ಎಂದು ಸುಮ್ಮನಾದರು.

ಇವೆರಡನ್ನು ಬೇರ್ಪಡಿಸುವುದು ವಾಸ್ತವವಾಗಿ ಕಷ್ಟವಲ್ಲ. ತೊನ್ನಿನಲ್ಲಿ ಚರ್ಮದ ಬಣ್ಣ ಪೂರ್ತಿ ಹೋಗಿರುತ್ತದೆ. ಮಚ್ಚೆ ಹಾಲಿನಂತೆ, ಸುಣ್ಣದಂತೆ ಬಿಳಿ. ಅನೇಕ ವೇಳೆ ಅದರ ಮೇಲಿನ ಕೂದಲೂ ಬಿಳಿ. ಮುಟ್ಟಿದರೆ ಚೆನ್ನಾಗಿ ತಿಳಿಯುತ್ತದೆ, ಬೆವರೂ ಬರುತ್ತದೆ. ಕುಷ್ಠದ ಮಚ್ಚೆಯಲ್ಲಿ ಬಣ್ಣ ಹೋಗಿರುವುದಿಲ್ಲ, ಕಡಿಮೆಯಾಗಿರುತ್ತದೆ, ಅಷ್ಟೆ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದ ಮೇಲೆ ಅದು ಮಾಸಲಾಗಿ, ಕೆಲವೊಮ್ಮೆ ತಾಮ್ರದ ಕೆಂಪು ಬೆರೆತಂತೆ ಕಾಣುತ್ತದೆ. ಆದ್ದರಿಂದ ಛಾಯಾಚಿತ್ರವನ್ನು ನೋಡುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಬಣ್ಣ ಹೋಗಿದೆಯೇ ಅಥವಾ ತಗ್ಗಿದೆಯೇ ಎಂಬುದು. ಹಾಲುಬಿಳುಪಾಗಿದ್ದರೆ ಅದು ಕುಷ್ಠವಲ್ಲ ಎಂದೇ ಬಹುಮಟ್ಟಿಗೆ ಹೇಳಬಹುದು.

ತೊನ್ನನ್ನು ಬಿಟ್ಟರೂ ಕಣ್ಣಿಗೆ ಮೋಸ ಮಾಡುವ ಬೇರೆ ಮಚ್ಚೆಗಳಿವೆ. ಕತ್ತು, ಎದೆ, ಬೆನ್ನಿನ ಮೇಲೆ ಚುಕ್ಕೆಗಳಂತೆ ಹರಡುವ ಚಿಬ್ಬು ಬೂಷ್ಟಿನಿಂದ ಬರುವಂಥದು. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಮಕ್ಕಳ ಕೆನ್ನೆಯ ಮೇಲೆ ಬಂದು ತಾನಾಗಿ ಮಾಯವಾಗುವ ಬಿಳಿಚು ಮಚ್ಚೆಗಳಲ್ಲೂ ಒಣ ಹೊಟ್ಟು ಇರುತ್ತದೆ. ಗಜಕರ್ಣದ ಅಂಚು ಉಬ್ಬಿ ಬಳೆಯಂತಿರುವುದರಿಂದ ಚಿತ್ರದಲ್ಲಿ ಅದು ಕುಷ್ಠದ ಮಚ್ಚೆಯನ್ನೇ ಹೋಲಬಹುದು, ಆದರೆ ಅದು ವಿಪರೀತ ತುರಿಸುತ್ತದೆ. ಹುಟ್ಟಿನಿಂದಲೇ ಇರುವ ಮಾಸಲು ಗುರುತು ಕುಷ್ಠವಲ್ಲ. ಆದರೆ ತುರಿಕೆಯಾಗಲಿ, ಎಷ್ಟು ದಿನದಿಂದ ಇದೆ ಎಂಬುದಾಗಲಿ ಚಿತ್ರದಲ್ಲಿ ಇರುವುದಿಲ್ಲ. ಅವನ್ನು ರೋಗಿಯ ಬಾಯಿಂದಲೇ ಕೇಳಬೇಕು.

ಬೆಳಕು ಬೀಳುವ ಬಗೆ

ಕುಷ್ಠದ ಮಚ್ಚೆಗಳೆಲ್ಲ ಒಂದೇ ತರಹ ಇರುವುದಿಲ್ಲ. ಜೀವಾಣುವಿನ ವಿರುದ್ಧ ದೇಹ ಎಷ್ಟು ಬಲವಾಗಿ ಹೋರಾಡುತ್ತದೆ ಎಂಬುದರ ಮೇಲೆ ಅವುಗಳ ರೂಪ ನಿಂತಿದೆ. ದೇಹದ ಪ್ರತಿರೋಧ ಗಟ್ಟಿಯಾಗಿದ್ದರೆ ಜೀವಾಣುಗಳು ಬಹಳ ಕಡಿಮೆ. ಒಂದೋ ಎರಡೋ ಮಚ್ಚೆ ಏಳುತ್ತವೆ. ಅಂಚು ಸ್ಪಷ್ಟ, ಕೆಲವೊಮ್ಮೆ ಉಬ್ಬಿರುತ್ತದೆ. ನಡುಭಾಗ ಒಣಗಿ, ಕೂದಲು ಉದುರಿ, ಬೆವರು ನಿಂತು, ಸ್ಪರ್ಶ ಸಂಪೂರ್ಣ ಹೋಗಿರುತ್ತದೆ. ಪುಸ್ತಕಗಳಲ್ಲಿ, ಭಿತ್ತಿಪತ್ರಗಳಲ್ಲಿ ಹೆಚ್ಚಾಗಿ ಅಚ್ಚಾಗುವುದು ಇಂಥ ಮಚ್ಚೆಯ ಚಿತ್ರವೇ, ಏಕೆಂದರೆ ಅದು ಚೆನ್ನಾಗಿ ಕಾಣುತ್ತದೆ.

ಪ್ರತಿರೋಧವೇ ಇಲ್ಲದ ದೇಹದಲ್ಲಿ ಪರಿಸ್ಥಿತಿ ತಿರುಗುಮುರುಗು. ಜೀವಾಣುಗಳು ಕೋಟಿಗಟ್ಟಲೆ ಬೆಳೆಯುತ್ತವೆ, ಆದರೆ ಆರಂಭದ ಮಚ್ಚೆಗಳು ಸಣ್ಣವು, ಲೆಕ್ಕಕ್ಕೆ ಸಿಗದಷ್ಟು, ದೇಹದ ಎರಡೂ ಬದಿಯಲ್ಲಿ ಒಂದೇ ಸಮನೆ ಹರಡಿದವು. ಅಂಚು ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಎಣ್ಣೆ ಸವರಿದಂತೆ ಚರ್ಮ ಹೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮಚ್ಚೆಗಳಲ್ಲಿ ಮೊದಮೊದಲು ಸ್ಪರ್ಶಜ್ಞಾನ ಹೋಗಿರುವುದಿಲ್ಲ. ಭಿತ್ತಿಪತ್ರದ ಸಾಲನ್ನು ಅಕ್ಷರಶಃ ನಂಬಿದ ಕಾರ್ಯಕರ್ತ ಇಂಥವರನ್ನು ರೋಗವಿಲ್ಲವೆಂದು ವಾಪಸು ಕಳಿಸುವ ಅಪಾಯವಿದೆ. ಸೋಂಕು ಹರಡುವ ಸಾಧ್ಯತೆ ಹೆಚ್ಚಾಗಿರುವುದೂ ಇಂಥವರಿಂದಲೇ.

ಈ ಮಸುಕು ಮಚ್ಚೆಗಳು ಕ್ಯಾಮೆರಾಕ್ಕೂ ಸುಲಭವಾಗಿ ಸಿಗುವುದಿಲ್ಲ. ಎದುರಿನಿಂದ ಫ್ಲ್ಯಾಷ್ ಹಾಕಿ ಚಿತ್ರ ತೆಗೆದರೆ ಚರ್ಮವೆಲ್ಲ ಒಂದೇ ಸಮನಾಗಿ ಬೆಳಗಿ ಮಚ್ಚೆ ಅಳಿಸಿಹೋಗುತ್ತದೆ. ಅದಕ್ಕಾಗಿ ರೋಗಿಯನ್ನು ಕಿಟಕಿಯ ಬಳಿ ಅಥವಾ ಜಗಲಿಯಲ್ಲಿ ನಿಲ್ಲಿಸಿ, ಹಗಲಿನ ಬೆಳಕು ಓರೆಯಾಗಿ ಬೀಳುವಂತೆ ನೋಡಿಕೊಳ್ಳಬೇಕು. ಆಗ ಅಕ್ಕಪಕ್ಕದ ಚರ್ಮಕ್ಕೂ ಮಚ್ಚೆಗೂ ಇರುವ ಬಣ್ಣದ ಅಂತರ, ಅಂಚಿನ ಉಬ್ಬು ಎರಡೂ ಎದ್ದು ಕಾಣುತ್ತವೆ. ಬರಿಗಣ್ಣಿನ ಪರೀಕ್ಷೆಗೂ ಇದೇ ನಿಯಮ. ಕತ್ತಲೆ ಕೋಣೆಯಲ್ಲಿ ಬಲ್ಬಿನ ಹಳದಿ ಬೆಳಕಿನಲ್ಲಿ ನೋಡಿದವರ ಕಣ್ಣಿಗೆ ತಪ್ಪಿಸಿಕೊಂಡ ಮಚ್ಚೆ, ಅದೇ ರೋಗಿ ಅಂಗಳಕ್ಕೆ ಬಂದಾಗ ಕಾಣಬಹುದು.

ಇನ್ನೊಂದು ಮಿತಿ ಚೌಕಟ್ಟಿನದು. ಚಿತ್ರದಲ್ಲಿ ಇರುವುದು ದೇಹದ ಒಂದು ಭಾಗ ಮಾತ್ರ. ಬೆನ್ನಿನಲ್ಲಿ, ಪೃಷ್ಠದಲ್ಲಿ ಇರುವ ಮಚ್ಚೆ ಸ್ವತಃ ರೋಗಿಗೂ ಗೊತ್ತಿರುವುದಿಲ್ಲ. ಅದು ನೋಯುವುದಿಲ್ಲ, ತುರಿಸುವುದಿಲ್ಲ. ಅಂಗಿ ತೆಗೆಸದೆ ಮಾಡಿದ ಪರೀಕ್ಷೆ ಅರೆ ಪರೀಕ್ಷೆ ಎಂದು ಕ್ಷೇತ್ರ ತರಬೇತಿಯಲ್ಲಿ ಒತ್ತಿ ಹೇಳುವುದು ಈ ಕಾರಣಕ್ಕೆ.

ಚರ್ಮದ ಕೆಳಗಿನ ಹುರಿ

ಕುಷ್ಠರೋಗದ ಜೀವಾಣುವಿಗೆ ದೇಹದ ತಂಪಾದ ಭಾಗಗಳೇ ಇಷ್ಟ. ಕಂಕುಳು, ತೊಡೆಸಂದು, ನೆತ್ತಿಯಂಥ ಬೆಚ್ಚಗಿನ ಜಾಗಗಳಲ್ಲಿ ಮಚ್ಚೆ ಅಪರೂಪ. ನರಗಳಲ್ಲಿಯೂ ಹಾಗೆಯೇ. ಮಾಂಸಖಂಡದ ಆಳದಲ್ಲಿ ಹುದುಗಿರುವ ಕಡೆ ನರಕ್ಕೆ ಹಾನಿ ಕಡಿಮೆ. ಚರ್ಮಕ್ಕೆ ಹತ್ತಿರ ಬಂದು ಮೂಳೆಯನ್ನು ಬಳಸಿ ಹೋಗುವ ಕಡೆ ಹೆಚ್ಚು. ಆದ್ದರಿಂದ ಯಾವ ನರವನ್ನು ಎಲ್ಲಿ ಮುಟ್ಟಿ ನೋಡಬೇಕು ಎಂಬುದು ನಿಗದಿಯಾಗಿದೆ: ಮೊಣಕೈಯ ಒಳಬದಿಯಲ್ಲಿ, ಮೊಣಕಾಲ ಹೊರಬದಿಯ ಕೆಳಗೆ, ಕಾಲಿನ ಒಳ ಹರಡಿನ ಹಿಂದೆ, ಕತ್ತಿನ ಪಕ್ಕದಲ್ಲಿ.

ಇವುಗಳಲ್ಲಿ ಅತಿ ಹೆಚ್ಚು ಬಾಧೆಗೊಳ್ಳುವ ನರಗಳಲ್ಲೊಂದು ಮೊಣಕೈಯ ಅಲ್ನಾರ್ ನರ. ಮೊಣಕೈ ಗೋಡೆಗೆ ತಗುಲಿದಾಗ ಕಿರುಬೆರಳಿನವರೆಗೆ ವಿದ್ಯುತ್ ಹರಿದಂತಾಗುವುದು ಇದೇ ನರದಿಂದ. ಪರೀಕ್ಷಿಸುವವರು ರೋಗಿಯ ಎದುರು ನಿಂತು, ಅವನ ಮೊಣಕೈಯನ್ನು ಸ್ವಲ್ಪ ಮಡಚಿಸಿ, ಒಳಬದಿಯ ಮೂಳೆಯ ಉಬ್ಬಿನ ಹಿಂದಿನ ಗಾಡಿಯಲ್ಲಿ ಎರಡು ಮೂರು ಬೆರಳುಗಳ ಮೆದು ಭಾಗವನ್ನಿಟ್ಟು ನಿಧಾನವಾಗಿ ಹೊರಳಿಸುತ್ತಾರೆ. ಬೆರಳ ತುದಿಯಿಂದ ಚುಚ್ಚುವಂತಿಲ್ಲ. ಅಲ್ಲಿಂದ ಸ್ವಲ್ಪ ಮೇಲಕ್ಕೂ ಸರಿಯಬೇಕು, ಏಕೆಂದರೆ ಊತ ಹೆಚ್ಚಾಗಿರುವುದು ಮೊಣಕೈಗಿಂತ ತುಸು ಮೇಲೆ. ಕಣ್ಣು ಮಾತ್ರ ರೋಗಿಯ ಮುಖದ ಮೇಲಿರಬೇಕು. ನರ ನೋಯುತ್ತಿದ್ದರೆ ಬಾಯಿ ಹೇಳುವ ಮೊದಲು ಮುಖ ಹೇಳುತ್ತದೆ.

ದಪ್ಪ ಎಂದರೆ ಎಷ್ಟು ದಪ್ಪ? ಇದಕ್ಕೆ ಅಳತೆಪಟ್ಟಿ ಇಲ್ಲ. ಎಡಗೈ ಬಲಗೈಗಳನ್ನು ಹೋಲಿಸಿ ನೋಡುವುದೇ ದಾರಿ. ಮೈಮುರಿದು ದುಡಿಯುವವರಲ್ಲಿ, ತೆಳ್ಳಗಿರುವವರಲ್ಲಿ ನರ ಸಹಜವಾಗಿಯೇ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಆದ್ದರಿಂದ ನರ ಕೈಗೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ರೋಗವೆಂದು ಬರೆಯುವಂತಿಲ್ಲ. ಆ ನರ ಆಳುವ ಚರ್ಮದಲ್ಲಿ ಸ್ಪರ್ಶ ಹೋಗಿರಬೇಕು, ಇಲ್ಲವೇ ಅದು ಆಡಿಸುವ ಸ್ನಾಯು ಸೋತಿರಬೇಕು. ಇದನ್ನು ತಿಳಿಯಲು ಉಪಕರಣ ಬೇಕಿಲ್ಲ. ಕಿರುಬೆರಳನ್ನು ಹೊರಕ್ಕೆ ಚಾಚಿ ಹಿಡಿಯಲು ಹೇಳಿ ತಳ್ಳಿದರೆ ಅಲ್ನಾರ್ ನರದ ಬಲ ತಿಳಿಯುತ್ತದೆ. ಪಾದವನ್ನು ಮೇಲಕ್ಕೆತ್ತಲು ಹೇಳಿದರೆ ಮೊಣಕಾಲ ಪಕ್ಕದ ನರದ ಸ್ಥಿತಿ ತಿಳಿಯುತ್ತದೆ.

ಛಾಯಾಚಿತ್ರಕ್ಕೆ ಸಿಗುವ ನರವೆಂದರೆ ಕತ್ತಿನದು ಮಾತ್ರ ಎನ್ನಬಹುದು. ತಲೆಯನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿದಾಗ, ಇನ್ನೊಂದು ಪಕ್ಕದ ಕತ್ತಿನ ಸ್ನಾಯುವಿನ ಮೇಲೆ ಕಿವಿಯ ಕಡೆಗೆ ಓರೆಯಾಗಿ ಏರುವ ನರ ಹುರಿಯಂತೆ ಎದ್ದು ನಿಲ್ಲುತ್ತದೆ. ಪಠ್ಯಪುಸ್ತಕಗಳಲ್ಲಿ ದಪ್ಪಗಾದ ನರದ ಚಿತ್ರವೆಂದರೆ ಬಹುಮಟ್ಟಿಗೆ ಇದೇ. ಆದರೆ ಅದರ ಹತ್ತಿರದಲ್ಲೇ ಒಂದು ರಕ್ತನಾಳವೂ ಹಾಯುತ್ತದೆ. ಉಸಿರು ಬಿಗಿಹಿಡಿದವರಲ್ಲಿ, ಹಾಡುವವರಲ್ಲಿ ಅದು ಉಬ್ಬುವುದನ್ನು ಎಲ್ಲರೂ ಕಂಡಿದ್ದಾರೆ. ಚಿತ್ರದಲ್ಲಿ ಎರಡೂ ಒಂದೇ ತರಹ ಕಾಣಬಹುದು. ಬೆರಳಿಟ್ಟರೆ ವ್ಯತ್ಯಾಸ ತಿಳಿಯುತ್ತದೆ: ಒತ್ತಿದಾಗ ರಕ್ತನಾಳ ಬರಿದಾಗಿ ಅಡಗುತ್ತದೆ, ನರ ಗಟ್ಟಿಯಾಗಿಯೇ ಉಳಿದು ಬೆರಳಡಿಯಲ್ಲಿ ಹೊರಳುತ್ತದೆ.

ಪ್ರಯೋಗಾಲಯದಿಂದ ಹಳ್ಳಿಯ ಜಗಲಿಗೆ

ರೋಗವನ್ನು ಗುರುತಿಸಿದ ಮೇಲೆ ಅದನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದು ಇಪ್ಪತ್ತನೆಯ ಶತಮಾನದುದ್ದಕ್ಕೂ ತಜ್ಞರ ಜಗಳಕ್ಕೆ ಕಾರಣವಾದ ಪ್ರಶ್ನೆ. 1931ರಲ್ಲಿ ಮನಿಲಾದಲ್ಲಿ ಸೇರಿದ ಸಮ್ಮೇಳನ ಚರ್ಮದ್ದು, ನರದ್ದು, ಎರಡೂ ಬೆರೆತದ್ದು ಎಂದು ಮೂರು ಬಗೆ ಮಾಡಿತು. 1953ರ ಮ್ಯಾಡ್ರಿಡ್ ಸಮ್ಮೇಳನ ಜೀವಾಣು ತುಂಬಿದ ಲೆಪ್ರೊಮೇಟಸ್ ಮತ್ತು ಪ್ರತಿರೋಧ ಗಟ್ಟಿಯಾಗಿರುವ ಟ್ಯೂಬರ್ಕ್ಯುಲಾಯ್ಡ್ ಎಂಬ ಎರಡು ತುದಿಗಳನ್ನಿಟ್ಟು, ನಡುವಿನದಕ್ಕೂ ಇನ್ನೂ ನಿಶ್ಚಿತ ರೂಪ ತಾಳದ ಆರಂಭದ ಮಚ್ಚೆಗೂ ಬೇರೆ ಬೇರೆ ಹೆಸರು ಕೊಟ್ಟಿತು. ಭಾರತದ ವೈದ್ಯರು 1955ರಲ್ಲಿ ತಮ್ಮದೇ ಆರು ಬಗೆಗಳ ಪಟ್ಟಿ ಮಾಡಿದರು. ಮಚ್ಚೆಯೇ ಇಲ್ಲದೆ ನರ ಮಾತ್ರ ಬಾಧೆಗೊಳ್ಳುವ ರೂಪಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿತ್ತು, ಏಕೆಂದರೆ ಅಂಥ ರೋಗಿಗಳು ನಮ್ಮಲ್ಲಿ ಸಾಕಷ್ಟು ಇದ್ದರು.

1966ರಲ್ಲಿ ಇಂಗ್ಲೆಂಡಿನ ರಿಡ್ಲಿ ಮತ್ತು ಜೋಪ್ಲಿಂಗ್ ಎಂಬ ಇಬ್ಬರು ವೈದ್ಯರು ಈ ವಿವಾದಕ್ಕೆ ಬಹುಮಟ್ಟಿಗೆ ತೆರೆ ಎಳೆದರು. ಅವರ ಪ್ರಕಾರ ಕುಷ್ಠರೋಗ ಬೇರೆ ಬೇರೆ ಪೆಟ್ಟಿಗೆಗಳಲ್ಲ, ಒಂದೇ ಏಣಿಯ ಮೆಟ್ಟಿಲುಗಳು. ಒಂದು ತುದಿಯಲ್ಲಿ ಬಲವಾದ ಪ್ರತಿರೋಧ, ಇನ್ನೊಂದರಲ್ಲಿ ಶೂನ್ಯ ಪ್ರತಿರೋಧ, ನಡುವೆ ಮೂರು ಮೆಟ್ಟಿಲು. ಸಂಶೋಧಕರು ಇಂದಿಗೂ ಬಳಸುವುದು ಈ ಐದು ಮೆಟ್ಟಿಲುಗಳನ್ನೇ. ಆದರೆ ರೋಗಿ ಯಾವ ಮೆಟ್ಟಿಲಿನಲ್ಲಿದ್ದಾನೆ ಎಂದು ಖಚಿತವಾಗಿ ಹೇಳಲು ಚರ್ಮದ ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು. ಸೈಕಲ್ ತುಳಿದು ಹಳ್ಳಿಗೆ ಹೋಗುವ ಕಾರ್ಯಕರ್ತನಿಗೆ ಅದು ಸಾಧ್ಯವಿಲ್ಲದ ಮಾತು.

ಅಲ್ಲಿಯವರೆಗೆ ಇದು ದೊಡ್ಡ ತೊಂದರೆಯಾಗಿರಲಿಲ್ಲ, ಏಕೆಂದರೆ ಬಗೆ ಯಾವುದಾದರೂ ಔಷಧಿ ಒಂದೇ: ಡ್ಯಾಪ್ಸೋನ್ ಮಾತ್ರೆ. ಆದರೆ ಆ ಮಾತ್ರೆಗೆ ಬಗ್ಗದ ಜೀವಾಣುಗಳು 1960ರ ದಶಕದಿಂದ ಕಾಣಿಸಿಕೊಂಡವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡವೊಂದು ಒಟ್ಟಿಗೇ ಹಲವು ಔಷಧಿ ಕೊಡುವ ಬಹುಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಜೀವಾಣು ಕಡಿಮೆ ಇರುವವರಿಗೆ ಆರು ತಿಂಗಳು ಎರಡು ಔಷಧಿ, ಹೆಚ್ಚಿರುವವರಿಗೆ ಕನಿಷ್ಠ ಎರಡು ವರ್ಷ ಮೂರು ಔಷಧಿ. ಈಗ ಗುಂಪು ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ. ಪಾಸಿಬ್ಯಾಸಿಲರಿ ಮತ್ತು ಮಲ್ಟಿಬ್ಯಾಸಿಲರಿ, ಸಂಕ್ಷಿಪ್ತವಾಗಿ ಪಿ.ಬಿ. ಮತ್ತು ಎಂ.ಬಿ. ಎಂಬ ಎರಡು ಗುಂಪುಗಳು ಹುಟ್ಟಿದ್ದು ಹೀಗೆ.

ಮೊದಲಿಗೆ ಗುಂಪನ್ನು ನಿರ್ಧರಿಸುತ್ತಿದ್ದುದು ಕಿವಿಯ ಹಾಲೆ ಅಥವಾ ಮಚ್ಚೆಯಲ್ಲಿ ಸಣ್ಣ ಗೀರು ಹಾಕಿ ತೆಗೆದ ದ್ರವದಲ್ಲಿ ಕಾಣುವ ಜೀವಾಣುಗಳ ಪ್ರಮಾಣ. ಆದರೆ ಈ ಪರೀಕ್ಷೆಗೆ ನುರಿತ ಕೈ, ಒಳ್ಳೆಯ ಸೂಕ್ಷ್ಮದರ್ಶಕ, ಪ್ರತಿಯೊಬ್ಬರಿಗೂ ಶುದ್ಧವಾದ ಅಲಗು ಬೇಕು. ಬಹಳ ಕಡೆ ಇವು ಇರಲಿಲ್ಲ, ಫಲಿತಾಂಶಗಳನ್ನು ನಂಬುವಂತಿರಲಿಲ್ಲ. ಏಡ್ಸ್ ಭೀತಿ ಹರಡಿದ ಮೇಲೆ ಅಲಗಿನ ಶುದ್ಧಿಯ ಪ್ರಶ್ನೆ ಇನ್ನೂ ದೊಡ್ಡದಾಯಿತು. ಕೊನೆಗೆ 1998ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯ ವರದಿ ಮಚ್ಚೆಗಳನ್ನು ಎಣಿಸಿದರೆ ಸಾಕು ಎಂದಿತು. ಐದರವರೆಗೆ ಪಿ.ಬಿ., ಆರು ಮತ್ತು ಮೇಲ್ಪಟ್ಟು ಎಂ.ಬಿ. ಎಂ.ಬಿ. ಚಿಕಿತ್ಸೆಯ ಅವಧಿಯೂ ಹನ್ನೆರಡು ತಿಂಗಳಿಗೆ ಇಳಿಯಿತು. ಐದು ಮತ್ತು ಆರರ ನಡುವೆ ನಿಸರ್ಗದಲ್ಲಿ ಯಾವ ಗೆರೆಯೂ ಇಲ್ಲ. ಎಣಿಸಲು ಬರುವ ಯಾರಾದರೂ ಬಳಸಬಹುದಾದ ಗೆರೆ ಅದು, ಅಷ್ಟೇ ಅದರ ಹೆಚ್ಚುಗಾರಿಕೆ.

ಒಂದು ತೋಳಿನ ಲೆಕ್ಕ

ಈ ನಿಯಮಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಛಾಯಾಚಿತ್ರದಲ್ಲಿ ಒಬ್ಬ ಮಧ್ಯವಯಸ್ಸಿನ ರೈತನ ಬಲ ಮುಂದೋಳಿದೆ. ಅಂಗೈ ಅಗಲದ ಒಂದು ಮಚ್ಚೆ, ತಾಮ್ರದ ಛಾಯೆ, ಅಂಚು ಸ್ವಲ್ಪ ಉಬ್ಬಿದೆ, ನಡುವೆ ಕೂದಲಿಲ್ಲ. ಚಿತ್ರವನ್ನಷ್ಟೇ ನೋಡಿದವರು ಒಂದು ಮಚ್ಚೆ, ಅಂದರೆ ಪಿ.ಬಿ. ಎಂದು ಬರೆಯುತ್ತಾರೆ.

ಈಗ ಆತನನ್ನು ಹಗಲು ಬೆಳಕಿನಲ್ಲಿ ನಿಲ್ಲಿಸಿ ಪರೀಕ್ಷಿಸಲಾಗುತ್ತದೆ. ಮೊದಲು ಸರಿಯಿರುವ ಚರ್ಮವನ್ನು ಬಾಲ್‌ಪೆನ್ನಿನ ತುದಿಯಿಂದ ಹಗುರವಾಗಿ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸುವುದು ಹೇಗೆಂದು ಹೇಳಿಕೊಡುತ್ತಾರೆ. ಬಳಿಕ ಕಣ್ಣು ಮುಚ್ಚಿಸಿ ಮಚ್ಚೆಯ ನಡುವೆ ಮುಟ್ಟುತ್ತಾರೆ. ಆತನ ಬೆರಳು ಮೇಲೇಳುವುದಿಲ್ಲ. ರೋಗನಿರ್ಣಯಕ್ಕೆ ಇಷ್ಟು ಸಾಕು. ಅಂಗಿ ತೆಗೆಸಿದಾಗ ಬೆನ್ನಿನ ಮೇಲೆ ಎರಡು, ಪೃಷ್ಠದ ಮೇಲೆ ಒಂದು ಮಚ್ಚೆ ಸಿಗುತ್ತವೆ. ಒಟ್ಟು ನಾಲ್ಕು. ಬಲ ಮೊಣಕೈಯ ನರ ಎಡಗೈಗಿಂತ ದಪ್ಪವಾಗಿದೆ, ಕಿರುಬೆರಳು ತಳ್ಳಿದರೆ ಸೋಲುತ್ತದೆ. ಇಂಥ ಮಚ್ಚೆಯ ದ್ರವದಲ್ಲಿ ಸಾಮಾನ್ಯವಾಗಿ ಜೀವಾಣು ಸಿಗುವುದಿಲ್ಲ.

ಈತ 1931ರಲ್ಲಿ ಬಂದಿದ್ದರೆ ಮನಿಲಾ ಪಟ್ಟಿಯಂತೆ ನರದ ಬಗೆಗೆ ಸೇರುತ್ತಿದ್ದ. 1953ರ ನಂತರ ಟ್ಯೂಬರ್ಕ್ಯುಲಾಯ್ಡ್ ಎನಿಸಿಕೊಳ್ಳುತ್ತಿದ್ದ. ರಿಡ್ಲಿ ಮತ್ತು ಜೋಪ್ಲಿಂಗ್ ಏಣಿಯಲ್ಲಿ ಬಹುಶಃ ಎರಡನೆಯ ಮೆಟ್ಟಿಲು. 1980ರ ದಶಕದಲ್ಲಿ ದ್ರವದಲ್ಲಿ ಜೀವಾಣು ಇಲ್ಲದ್ದರಿಂದ ಪಿ.ಬಿ. 1998ರ ನಂತರ ಮಚ್ಚೆ ನಾಲ್ಕೇ ಆದ್ದರಿಂದ ಆಗಲೂ ಪಿ.ಬಿ., ಆರು ತಿಂಗಳ ಚಿಕಿತ್ಸೆ.

ಆದರೆ ಕಾರ್ಯಕರ್ತ ಅಷ್ಟಕ್ಕೇ ನಿಲ್ಲದೆ ಎಡ ಮೊಣಕಾಲ ಪಕ್ಕದ ನರವನ್ನೂ ಮುಟ್ಟಿ ನೋಡುತ್ತಾನೆ. ಅದೂ ದಪ್ಪಗಾಗಿದೆ ಎಂದಿಟ್ಟುಕೊಳ್ಳಿ. ಭಾರತದ ರಾಷ್ಟ್ರೀಯ ಕಾರ್ಯಕ್ರಮ ಬಹುಕಾಲ ಅನುಸರಿಸಿದ ನಿಯಮದಂತೆ ಒಂದು ನರ ಬಾಧೆಗೊಂಡಿದ್ದರೆ ಪಿ.ಬಿ., ಒಂದಕ್ಕಿಂತ ಹೆಚ್ಚಾದರೆ ಮಚ್ಚೆ ಎಷ್ಟೇ ಇರಲಿ ಎಂ.ಬಿ. ಆ ಒಂದು ಸ್ಪರ್ಶದಿಂದ ಆತನ ಚಿಕಿತ್ಸೆ ಆರು ತಿಂಗಳಿನಿಂದ ಹನ್ನೆರಡಕ್ಕೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಬಿಗಿಯಾದದ್ದು. ಅದರ ಪ್ರಕಾರ ನರ ಬಾಧೆಗೊಂಡಿದ್ದರೆ ಸಾಕು, ಎಂ.ಬಿ. ಎರಡೂ ಗುಂಪಿಗೆ ಮೂರೂ ಔಷಧಿ ಕೊಡಬೇಕೆಂದೂ ಅದೇ ಮಾರ್ಗಸೂಚಿ ಹೇಳಿತು. ಮೊದಲು ಚಿತ್ರ ಮಾತ್ರ ನೋಡಿ ಬರೆದ ಒಂದು ಮಚ್ಚೆಯ ಪಿ.ಬಿ. ಎಂಬುದಕ್ಕೂ ಇದಕ್ಕೂ ಎಷ್ಟು ಅಂತರ!

ಗುಂಪಿಗಿಂತ ತುರ್ತಾದ ಸಂಗತಿ ಇನ್ನೊಂದಿದೆ. ಕಿರುಬೆರಳು ಸೋತದ್ದು ಈಚಿನ ಆರು ತಿಂಗಳೊಳಗೆ ಆದದ್ದಾದರೆ, ಬಹುಔಷಧಿ ಚಿಕಿತ್ಸೆಯ ಜತೆಗೆ ಪ್ರೆಡ್ನಿಸೊಲೋನ್ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಹಲವು ವಾರ ಕೊಟ್ಟು ನರದ ಊತ ಇಳಿಸಬಹುದು. ಬಲ ಮರಳುವ ಅವಕಾಶವಿದೆ. ತಡವಾದಷ್ಟೂ ಆ ಅವಕಾಶ ಕಡಿಮೆ. ಜೀವಾಣುವನ್ನು ಕೊಲ್ಲುವ ಔಷಧಿ ಸತ್ತ ನರವನ್ನು ಬದುಕಿಸುವುದಿಲ್ಲ. ರೋಗ ಗುಣವಾಗಿದೆ ಎಂದು ಬರೆದ ಮೇಲೂ ಬೆರಳು ಮಡಚಿಕೊಂಡೇ ಉಳಿದವರು ಇರುವುದು ಇದರಿಂದಲೇ.

ಊನತೆಯನ್ನು ದಾಖಲಿಸಲು ಕ್ಷೇತ್ರದಲ್ಲಿ ಮೂರು ದರ್ಜೆಗಳಿವೆ. ಏನೂ ಇಲ್ಲದಿದ್ದರೆ ಸೊನ್ನೆ. ಅಂಗೈ ಅಂಗಾಲುಗಳಲ್ಲಿ ಸ್ಪರ್ಶ ಹೋಗಿದ್ದು, ಕಣ್ಣಿಗೆ ಏನೂ ಕಾಣದಿದ್ದರೆ ಒಂದು. ಬೆರಳು ಮಡಚಿದ್ದರೆ, ಹುಣ್ಣಾಗಿದ್ದರೆ, ಅಂದರೆ ಕಣ್ಣಿಗೆ ಕಾಣುವ ಊನ ಬಂದಿದ್ದರೆ ಎರಡು. ಈ ಪಟ್ಟಿಯಲ್ಲಿ ಛಾಯಾಚಿತ್ರಕ್ಕೆ ಸಿಗುವುದು ಎರಡನೆಯ ದರ್ಜೆ ಮಾತ್ರ. ಬಿಸಿ ಪಾತ್ರೆ ಹಿಡಿದರೂ ಸುಡುವುದು ತಿಳಿಯದ, ಆದರೆ ನೋಡಲು ಎಲ್ಲರಂತೆಯೇ ಇರುವ ಒಂದನೆಯ ದರ್ಜೆಯ ಕೈ ಚಿತ್ರದಲ್ಲಿ ಆರೋಗ್ಯವಂತನ ಕೈಯೇ.

ಇಂದು ಆಶಾ ಕಾರ್ಯಕರ್ತೆ ಸಂಶಯದ ಮಚ್ಚೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ದೂರದ ವೈದ್ಯರಿಗೆ ಕ್ಷಣಮಾತ್ರದಲ್ಲಿ ಕಳಿಸಬಹುದು. ಯಾರನ್ನು ಪರೀಕ್ಷೆಗೆ ಕರೆಸಬೇಕು ಎಂದು ತೀರ್ಮಾನಿಸಲು ಅದು ಉಪಯುಕ್ತ. ಹಾಲುಬಿಳುಪಿನ ತೊನ್ನನ್ನು ಅದರಿಂದಲೇ ಬೇರ್ಪಡಿಸಿ ಒಂದು ಮನೆಯ ಹೆದರಿಕೆ ಕಳೆಯಬಹುದು. ಆದರೆ ರೋಗಿಯ ಚೀಟಿಯಲ್ಲಿ ತುಂಬಬೇಕಾದ ಜಾಗ ಚಿತ್ರದ್ದಲ್ಲ. ಅಲ್ಲಿರುವುದು ಗೆರೆಯಲ್ಲಿ ಬರೆದ ಎರಡು ಮನುಷ್ಯಾಕೃತಿ, ಒಂದು ಮುಂಬದಿ, ಒಂದು ಹಿಂಬದಿ. ಕಾರ್ಯಕರ್ತೆ ಅದರ ಮೇಲೆ ಒಂದೊಂದು ಮಚ್ಚೆಯನ್ನೂ ಸುತ್ತುಗೆರೆ ಹಾಕಿ ಗುರುತಿಸಬೇಕು, ಯಾವ ನರ ದಪ್ಪ, ಎಡವೋ ಬಲವೋ ಎಂದು ಬರೆಯಬೇಕು. ಅಂಗಿ ತೆಗೆಸದೆ, ಮೊಣಕೈ ಮುಟ್ಟದೆ ಆ ಆಕೃತಿಯನ್ನು ತುಂಬಲು ಬರುವುದಿಲ್ಲ.